ಆಮ ಒಂದೇ ಬಂತಾ, ಜೊತೆಗೆ ಇನ್ನೇನಾದರೂ ಬಂತಾ?

ಮೊದಲೇ ಹೇಳಿಬಿಡುತ್ತೇನೆ, ಊಟದ ಹೊತ್ತು ಹತ್ತಿರ ಬಂದಿದೆ, ನಾನು ಮಾತಾಡಲಿರುವುದು ಕಕ್ಕಸಿನ ವಿಷಯ, ಮಲದ ಜೊತೆ ಬೀಳುವ ಲೋಳೆಯ ವಿಷಯ. ಮುಜುಗರ ಅನ್ನಿಸಿದರೆ ನೆಲ ನೋಡುತ್ತಾ ಕೂತಿರಿ, ಕಿವಿ ಮಾತ್ರ ಈ ಕಡೆ ಇರಲಿ.

ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಈ ವಿಷಯ ಹೇಳಿಸೋದೇ ಕಷ್ಟವಿತ್ತು. ಹೊಟ್ಟೆನೋವು ಅಂತ ಬರುತ್ತಿದ್ದರು, ಹತ್ತು ನಿಮಿಷ ಆದಮೇಲೆ ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, "ಅದೇ ಡಾಕ್ಟ್ರೇ, ಸ್ವಲ್ಪ ಆಮಾನೂ ಬೀಳುತ್ತೆ" ಅನ್ನುತ್ತಿದ್ದರು. ಈಗ ಹಾಗಿಲ್ಲ. ಕುರ್ಚಿಯಲ್ಲಿ ಕೂರೋ ಮೊದಲೇ ಮೊಬೈಲ್ ತೆಗೆದು ಫೋಟೋ ತೋರಿಸುತ್ತಾರೆ. ಒಬ್ಬರು ದಿನಾಂಕ ಹಾಕಿ ಆಲ್ಬಮ್ಮೇ ಮಾಡಿದ್ದರು. ನನಗೇನೂ ಬೇಸರವಿಲ್ಲ, ಫೋಟೋದಿಂದ ಅನುಕೂಲವೇ ಆಗುತ್ತದೆ. ಆದರೆ ಫೋಟೋ ನೋಡಿದ ಮೇಲೂ ನಾನು ಕೇಳುವುದು ಫೋಟೋದಲ್ಲಿ ಇಲ್ಲದ ಸಂಗತಿಗಳನ್ನೇ. ರಾತ್ರಿ ಎಚ್ಚರ ಆಗುತ್ತಾ? ತೂಕ ಇಳಿದಿದೆಯಾ? ಎಷ್ಟು ದಿನದಿಂದ? ಯಾಕೆ ಅಂತ ಇವತ್ತು ಹೇಳುತ್ತೇನೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಪದ ಇವೆ. ಒಂದು ಆಮ, ಇನ್ನೊಂದು ಆಮಶಂಕೆ. ನಾವು ಎರಡನ್ನೂ ಒಂದೇ ಅನ್ನೋ ಹಾಗೆ ಬಳಸುತ್ತೇವೆ. ಆದರೆ ಸ್ವಲ್ಪ ಗಮನಿಸಿ. ಲಘುಶಂಕೆ, ದೀರ್ಘಶಂಕೆ ಅಂತೀವಲ್ಲ, ಅಲ್ಲಿ ಶಂಕೆ ಅಂದರೆ ಅನುಮಾನ ಅಲ್ಲ, ಹೋಗಬೇಕು ಅನ್ನಿಸುವ ಒತ್ತಡ. ಹಾಗೆ ನೋಡಿದರೆ ಆಮಶಂಕೆ ಅಂದರೆ ಆಮದ ಜೊತೆಗೆ ಬರುವ ಒತ್ತಡ. ಹೋಗಬೇಕು ಅನ್ನಿಸುತ್ತದೆ, ಹೋಗಿ ಕೂತರೆ ಒಂದು ಚಮಚ ಲೋಳೆ ಬಿದ್ದು ಮುಗಿಯುತ್ತದೆ, ಎದ್ದು ಬಂದ ಐದು ನಿಮಿಷಕ್ಕೆ ಮತ್ತೆ ಹೋಗಬೇಕು ಅನ್ನಿಸುತ್ತದೆ. ಬರೀ ಆಮಕ್ಕೂ ಈ ಆಮಶಂಕೆಗೂ ಇರುವ ವ್ಯತ್ಯಾಸ ಹಿಡಿದರೆ ಅರ್ಧ ರೋಗ ಗುರುತು ಸಿಕ್ಕಿದ ಹಾಗೆ. ಈ ಪದ ಕಟ್ಟಿದವರು ಯಾರೋ, ರೋಗಿಯ ಮಾತನ್ನು ಚೆನ್ನಾಗಿ ಕೇಳಿಸಿಕೊಂಡವರು.

ಈಗ ಲೋಳೆ ಎಲ್ಲಿಂದ ಬರುತ್ತದೆ ನೋಡೋಣ. ದೊಡ್ಡ ಕರುಳಿನ ಒಳಪದರದಲ್ಲಿ ಲಕ್ಷಾಂತರ ಸಣ್ಣ ಜೀವಕೋಶಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಲಿರುವ ಲೋಟದ ಹಾಗೆ ಕಾಣುತ್ತವೆ, ಅದಕ್ಕೇ ಗಾಬ್ಲೆಟ್ ಕೋಶ ಅಂತ ಹೆಸರು. ಅವು ಒಂದು ಬಗೆಯ ಪ್ರೋಟೀನನ್ನು ಒತ್ತಿ ಮಡಚಿಟ್ಟುಕೊಂಡಿರುತ್ತವೆ. ಹೊರಗೆ ಬಿಟ್ಟ ತಕ್ಷಣ ಅದು ನೀರು ಹೀರಿ ಉಬ್ಬುತ್ತದೆ. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದಾಗ ಸುತ್ತ ಲೋಳೆ ಕಟ್ಟುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಈ ಲೋಳೆ ಮಲ ಜಾರಿಹೋಗಲಿ ಅಂತ ಇರುವ ಎಣ್ಣೆ ಅಂದುಕೊಂಡಿದ್ದೆವು. ಅದೂ ಹೌದು. ಆದರೆ 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಇಲಿಗಳ ಕರುಳಲ್ಲಿ ಒಂದು ವಿಷಯ ತೋರಿಸಿದರು. ಲೋಳೆ ಎರಡು ಪದರವಾಗಿ ಇರುತ್ತದೆ. ಹೊರಗಿನದು ಸಡಿಲ, ಅದರ ತುಂಬಾ ಬ್ಯಾಕ್ಟೀರಿಯಾ. ಒಳಗಿನದು ಬಿಗಿ, ಕರುಳಿನ ಗೋಡೆಗೆ ಅಂಟಿಕೊಂಡಿರುತ್ತದೆ, ಅದರೊಳಗೆ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ ಅನ್ನಬಹುದು. ದೊಡ್ಡ ಕರುಳು ಕೋಟ್ಯಂತರ ಬ್ಯಾಕ್ಟೀರಿಯಾ ಇಟ್ಟುಕೊಂಡೂ ಕೀವು ಕಟ್ಟದೆ ಇರುವುದಕ್ಕೆ ಈ ಒಳಪದರ ದೊಡ್ಡ ಕಾರಣ. ಆ ಪ್ರೋಟೀನ್ ತಯಾರಿಸಲಾಗದ ಇಲಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದಾಗ ಅವುಗಳಿಗೆ ತಾನಾಗಿಯೇ ಕರುಳಿನ ಉರಿಯೂತ ಬಂತು.

ಅಂದರೆ ನಿಮ್ಮೆಲ್ಲರ ಮಲದಲ್ಲೂ ಲೋಳೆ ಇದೆ. ಇವತ್ತು ಬೆಳಗ್ಗೆಯೂ ಇತ್ತು. ತೆಳ್ಳಗೆ ಸವರಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಂಡಾಗ ಗಾಬರಿ ಆಗುತ್ತದೆ ಅಷ್ಟೇ.

ಯಾವಾಗ ಕಾಣುತ್ತದೆ? ತುಂಬಾ ಸಲ ಮಲಬದ್ಧತೆ ಇದ್ದಾಗ. ಗಟ್ಟಿ ಮಲ ಗುದನಾಳದಲ್ಲಿ ದಿನಗಟ್ಟಲೆ ಕೂತಿರುತ್ತದೆ, ಒಳಪದರಕ್ಕೆ ಉಜ್ಜುತ್ತದೆ. ಕರುಳು ತನಗೆ ಗೊತ್ತಿರುವ ಒಂದೇ ಉಪಾಯ ಮಾಡುತ್ತದೆ, ಇನ್ನಷ್ಟು ಲೋಳೆ ಬಿಡುತ್ತದೆ. ಕಣ್ಣಿಗೆ ಧೂಳು ಬಿದ್ದರೆ ನೀರು ಬರಲ್ವಾ, ಹಾಗೆ. ಎರಡು ದಿನ ಭೇದಿಯಾಗಿ ನಿಂತ ಮೇಲೂ ಕಾಣಬಹುದು. ಎನಿಮಾ ಕೊಟ್ಟ ಮೇಲೆ ಕಾಣಬಹುದು. ಇವು ಯಾವುದಕ್ಕೂ ಔಷಧಿ ಬೇಕಿಲ್ಲ.

ಇನ್ನೊಂದು ತಮಾಷೆ ಇದೆ. ಒಬ್ಬರು ಹಿರಿಯರು ಆಮ ಹೋಗಲಿ ಅಂತ ದಿನಾ ರಾತ್ರಿ ಇಸಬ್‌ಗೋಲ್ ಕುಡಿಯುತ್ತಿದ್ದರು. ನೀರು ಮಾತ್ರ ಅರ್ಧ ಲೋಟ. ಬೆಳಗ್ಗೆ ಮಲದ ಜೊತೆ ಜೆಲ್ಲಿ ಥರ ಬೀಳುತ್ತಿತ್ತು. ಆಮ ಜಾಸ್ತಿಯಾಯಿತು ಅಂತ ಇಸಬ್‌ಗೋಲ್ ಇನ್ನೊಂದು ಚಮಚ ಏರಿಸಿದರು. ಜೆಲ್ಲಿಯೂ ಏರಿತು. ಅವರು ನೋಡುತ್ತಿದ್ದದ್ದು ಇಸಬ್‌ಗೋಲನ್ನೇ. ಒಂದು ವಾರ ನಿಲ್ಲಿಸಿ ನೋಡಿ ಅಂದೆ, "ಆಮ" ನಿಂತಿತು. ಅದು ಒಳ್ಳೆಯ ಪದಾರ್ಥವೇ, ತಪ್ಪು ತಿಳಿಯಬೇಡಿ, ಆದರೆ ಒಂದು ದೊಡ್ಡ ಲೋಟ ತುಂಬಾ ನೀರು ಬೇಕು. ಕಾಮಕಸ್ತೂರಿ ಬೀಜವೂ ಇದೇ ಆಟ ಆಡಬಹುದು.

ಈಗ ಇಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ಇಬ್ಬರೂ ಒಂದೇ ವಾಕ್ಯ ಹೇಳಿದರು: "ಆಮ ಬೀಳುತ್ತೆ, ಎಂಟು ತಿಂಗಳಾಯಿತು."

ಮೊದಲನೆಯವನು ಇಪ್ಪತ್ತೊಂಬತ್ತರ ಹುಡುಗ, ಸಾಫ್ಟ್‌ವೇರ್ ಕೆಲಸ. ಮಲದ ಮೇಲೆ ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಅಂಟಿಕೊಂಡಿರುವ ಫೋಟೋ ತೋರಿಸಿದ. ಮಲ ಗಟ್ಟಿ ಉಂಡೆ, ಕೆಲವು ದಿನ ತೆಳು. ಎಡಗಡೆ ಹೊಟ್ಟೆ ಹಿಂಡುತ್ತದೆ, ಹೋಗಿಬಂದ ಮೇಲೆ ಹಗುರ. ಪರೀಕ್ಷೆ, ಪ್ರಾಜೆಕ್ಟ್ ಅಂತ ಒತ್ತಡ ಇದ್ದಾಗ ಜಾಸ್ತಿ, ಊರಿಗೆ ಹೋದರೆ ಕಡಿಮೆ. ರಕ್ತ ಒಂದು ಸಲವೂ ಇಲ್ಲ. ರಾತ್ರಿ ಮಲಗಿದರೆ ಬೆಳಗ್ಗೆವರೆಗೂ ನಿದ್ದೆ. ತೂಕ ಎರಡು ಕಿಲೋ ಏರಿದೆ. ಇಂಟರ್ನೆಟ್ ಓದಿ ಕ್ಯಾನ್ಸರ್ ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದ.

ಎರಡನೆಯವರು ಮೂವತ್ತನಾಲ್ಕು ವರ್ಷದ ಹೆಣ್ಣುಮಗಳು, ಶಾಲೆಯ ಟೀಚರ್. "ನನಗೆ ಮಲಬದ್ಧತೆ ಸರ್, ಜೊತೆಗೆ ಪೈಲ್ಸ್" ಅಂತ ಶುರು ಮಾಡಿದರು. ಬೇರೆ ಕಡೆ ಪೈಲ್ಸ್ ಅಂತ ಮುಲಾಮು, ಭೇದಿಯ ಪುಡಿ ಎಲ್ಲ ಕೊಟ್ಟಿದ್ದರು. ಬೆರಳು ಹಾಕಿ ಪರೀಕ್ಷೆ ಯಾರೂ ಮಾಡಿರಲಿಲ್ಲ. ದಿನಕ್ಕೆ ಎಷ್ಟು ಸಲ ಹೋಗ್ತೀರಮ್ಮ ಅಂದೆ. ಆರೇಳು ಸಲ ಅಂದರು. ಮಲಬದ್ಧತೆ ಅಂದಿರಿ, ಆರೇಳು ಸಲ ಅಂತೀರಿ, ಹೇಗೆ? ಆಗ ಬಿಡಿಸಿ ಹೇಳಿದರು. ಆರು ಸಲದಲ್ಲಿ ಐದು ಸಲ ಮಲವೇ ಬರಲ್ಲ. ಲೋಳೆ, ಅದರಲ್ಲಿ ಬೆರೆತ ರಕ್ತ. ಕುಂಕುಮ ಕಲಸಿದ ಹಾಗೆ. ಮಲ ಬಂದರೆ ಮೇಕೆ ಹಿಕ್ಕೆಯ ಹಾಗೆ ಗಟ್ಟಿ. ಬೆಳಗಿನ ಜಾವ ನಾಲ್ಕಕ್ಕೆ ಒತ್ತಡಕ್ಕೇ ಎಚ್ಚರವಾಗುತ್ತದೆ. ಸ್ಕೂಲಲ್ಲಿ ಪಾಠದ ನಡುವೆ ಓಡಬೇಕಾಗುತ್ತದೆ ಅಂತ, ಬೆಳಗ್ಗೆ ತಿಂಡಿ ತಿನ್ನೋದನ್ನೇ ಬಿಟ್ಟಿದ್ದರು.

ಇದು ಪೂರ್ತಿ ಆಮಶಂಕೆ. ಮೊದಲನೆಯವನದು ಬರೀ ಆಮ.

ರಕ್ತದ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಲ್ಲಿ ರಕ್ತ ಅಂದರೆ ಪೈಲ್ಸ್ ಅನ್ನುವುದು ನಾಲಿಗೆ ತುದಿಯಲ್ಲೇ ಇರುತ್ತದೆ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಮಲ ಹೋದ ಮೇಲೆ ತೊಟ್ಟಿಕ್ಕುತ್ತದೆ, ಕಮೋಡಿಗೆ ಚಿಮ್ಮುತ್ತದೆ, ಕೆಂಪಗೆ ಶುದ್ಧವಾಗಿ ಬೇರೆಯೇ ನಿಂತಿರುತ್ತದೆ. ಹೊರಗೆ ಇಳಿದ ಮೂಲವ್ಯಾಧಿಯಲ್ಲಿ ಚಡ್ಡಿಗೆ ಸ್ವಲ್ಪ ಲೋಳೆ ಹತ್ತಿ ತುರಿಕೆ ಆಗುವುದೂ ಉಂಟು. ಆದರೆ ಲೋಳೆಯೊಳಗೇ ರಕ್ತ ಕಲೆತು ಬರುವುದು, ಮಲ ಇಲ್ಲದೆ ಅದೊಂದೇ ಬರುವುದು, ಇದು ಪೈಲ್ಸಿನ ನಡವಳಿಕೆ ಅಲ್ಲ. ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದರೆ ಮಾತ್ರ ಒಂದು ದಿನ ಕಾಯಿರಿ, ಅದೂ ಮೋಸ ಮಾಡುತ್ತದೆ.

ಮಲಬದ್ಧತೆ ಮತ್ತು ಉರಿಯೂತ ಒಟ್ಟಿಗೆ ಇರುವುದು ವಿಚಿತ್ರ ಅನ್ನಿಸಬಹುದು. ಕರುಳಿಗೆ ಉರಿಯೂತ ಅಂದರೆ ನೀರು ನೀರು ಭೇದಿ ಅಂತಲೇ ಎಲ್ಲರ ಲೆಕ್ಕ. ಆದರೆ ಅಲ್ಸರೇಟಿವ್ ಕೊಲೈಟಿಸ್ ಅನ್ನುವ ದೊಡ್ಡ ಕರುಳಿನ ಉರಿಯೂತದ ರೋಗ ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹರಡುತ್ತದೆ. ಕೆಲವರಲ್ಲಿ ಕೆಳಗಿನ ಹತ್ತು ಹದಿನೈದು ಸೆಂಟಿಮೀಟರಿಗೇ ನಿಂತುಬಿಡುತ್ತದೆ, ಆಗ ಅದನ್ನು ಪ್ರಾಕ್ಟೈಟಿಸ್ ಅಂತೀವಿ. ಗುದನಾಳದ ಕೆಲಸ ಹಿಗ್ಗಿ ಹಿಡಿದಿಟ್ಟುಕೊಳ್ಳುವುದು. ಉರಿಯೂತ ಬಂದ ಗುದನಾಳ ಹಿಗ್ಗುವುದಿಲ್ಲ, ಒಂದು ಚಮಚ ಲೋಳೆ ಬಂದರೂ "ತುಂಬಿತು, ಹೊರಗೆ ಹಾಕು" ಅಂತ ಸಂದೇಶ ಕಳಿಸುತ್ತದೆ. ಅದರ ಮೇಲಿನ ಕರುಳು ಮಾತ್ರ ಆರೋಗ್ಯವಾಗೇ ಇರುತ್ತದೆ, ನಿಧಾನವಾಗಿಯೂ ಇರುತ್ತದೆ, ಮಲ ಅಲ್ಲೇ ಕೂತು ಒಣಗುತ್ತದೆ. ಕೆಳಗೆ ಅವಸರ, ಮೇಲೆ ಬಂದ್. ಈ ಟೀಚರ್‌ಗೆ ಭೇದಿಯ ಪುಡಿ ಕೊಟ್ಟಾಗ ಮಲ ಮೆತ್ತಗಾಯಿತು, ರಕ್ತ ಲೋಳೆ ಅಷ್ಟೇ ಇತ್ತು. ಆ ಸುಳಿವು ಸಾಕಿತ್ತು.

ಇನ್ನೊಂದು ಪ್ರಶ್ನೆ ನಿಮ್ಮ ತಲೆಯಲ್ಲಿ ಬಂದಿರಬೇಕು. ಕೊಲೈಟಿಸ್ ಇರುವವರ ಕರುಳಲ್ಲಿ ಗಾಬ್ಲೆಟ್ ಕೋಶಗಳು ಕಡಿಮೆಯಾಗಿರುತ್ತವೆ, ಕಾಪಾಡುವ ಲೋಳೆಪದರ ತೆಳ್ಳಗಾಗಿರುತ್ತದೆ. ಹಾಗಿದ್ದ ಮೇಲೆ ಅವರಿಗೇ ಯಾಕೆ ಇಷ್ಟೊಂದು ಲೋಳೆ ಬೀಳುತ್ತದೆ? ಬೀಳುವುದರಲ್ಲಿ ಅಸಲಿ ಲೋಳೆ ಒಂದು ಭಾಗ ಮಾತ್ರ. ಮೊಣಕಾಲು ತರಚಿದಾಗ ಎರಡನೇ ದಿನ ಗಾಯದಿಂದ ಜಿನುಗುವ ಅಂಟು ದ್ರವ ನೋಡಿದ್ದೀರಲ್ಲ? ಉರಿಯೂತದ ಕರುಳು ಒಳಗಡೆ ಹಾಗೇ ಜಿನುಗುತ್ತದೆ. ರಕ್ತದ ನೀರಂಶ, ಬಿಳಿ ರಕ್ತಕಣ, ಕಿತ್ತುಬಂದ ಜೀವಕೋಶ, ಉಳಿದಿದ್ದ ಲೋಳೆ, ಎಲ್ಲ ಸೇರಿದ್ದು. ಕಣ್ಣಿಗೆ ಎರಡೂ ಆಮವೇ. ಬಣ್ಣ ನೋಡಿ ಹೇಳುತ್ತೀನಿ ಅನ್ನುವವರನ್ನು ನಂಬಬೇಡಿ. ಹಳದಿ ಬಣ್ಣ ಪಿತ್ತದಿಂದಲೂ ಬರುತ್ತದೆ, ಕೀವಿನಿಂದಲೂ ಬರುತ್ತದೆ.

ಆದರೆ ಆ ಬಿಳಿ ರಕ್ತಕಣ ಒಂದು ಗುರುತು ಬಿಟ್ಟುಹೋಗುತ್ತದೆ. ನ್ಯೂಟ್ರೋಫಿಲ್ ಅನ್ನುವ ಕಣಗಳ ಒಳಗೆ ಕ್ಯಾಲ್‌ಪ್ರೊಟೆಕ್ಟಿನ್ ಅಂತ ಒಂದು ಪ್ರೋಟೀನ್ ತುಂಬಿರುತ್ತದೆ. ಕರುಳಿನ ಗೋಡೆಗೆ ಉರಿಯೂತ ಬಂದಾಗ ಆ ಕಣಗಳು ಗೋಡೆ ದಾಟಿ ಒಳಗೆ ಬಂದು ಸಾಯುತ್ತವೆ, ಪ್ರೋಟೀನ್ ಮಲದಲ್ಲಿ ಉಳಿಯುತ್ತದೆ. ಅದು ಗಟ್ಟಿ ಜೀವ, ಕೋಣೆಯ ಉಷ್ಣಾಂಶದಲ್ಲೂ ಕೆಲವು ದಿನ ಕೆಡುವುದಿಲ್ಲ. ಲ್ಯಾಬಿನಲ್ಲಿ ಅಳೆಯಬಹುದು. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಉರಿಯೂತ ಇರುವ ಸಾಧ್ಯತೆ ತುಂಬಾ ಕಡಿಮೆ. 250 ದಾಟಿದರೆ ಒಳಗೆ ನೋಡಲೇಬೇಕು. ನಡುವೆ ಬಂದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸುವುದು.

ಈ ಪರೀಕ್ಷೆ ಹಾಳಾಗುವ ದಾರಿಗಳೂ ಇವೆ. ಮಂಡಿನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೇನ್ ನುಂಗುತ್ತಿರುವವರಿಗೆ ಸುಮ್ನೆ ಏರಿ ತೋರಿಸುತ್ತದೆ, ಅದಕ್ಕೇ ಎರಡು ವಾರ ನಿಲ್ಲಿಸಿ ಮಾಡಿಸಿ ಅಂತೀವಿ. ಹೋಟೆಲ್ ಊಟ ತಿಂದು ಭೇದಿ ಆಗಿರುವ ವಾರದಲ್ಲಿ ಮಾಡಿಸಿದರೆ ಸಾಮಾನ್ಯವಾಗಿ ಏರಿರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಆ ಕಡೆಗೂ ತಪ್ಪಬಹುದು. ರೋಗ ಗುದನಾಳದ ಸಣ್ಣ ಭಾಗಕ್ಕೆ ಸೀಮಿತವಾಗಿದ್ದರೆ ಸಂಖ್ಯೆ ಅಷ್ಟೇನೂ ಏರದೆ ಇರಬಹುದು. ಹಾಗಾಗಿ ರಕ್ತ ಬೀಳುತ್ತಿದ್ದರೆ ಈ ಸಂಖ್ಯೆ ಕಡಿಮೆ ಬಂತು ಅಂತ ಸುಮ್ಮನೆ ಕೂರುವ ಹಾಗಿಲ್ಲ. ಇದು ಕ್ಯಾನ್ಸರ್ ಇಲ್ಲ ಅಂತ ಹೇಳುವ ಪರೀಕ್ಷೆಯೂ ಅಲ್ಲ.

ಹುಡುಗನಿಗೆ 28 ಬಂತು. ಹಿಮೋಗ್ಲೋಬಿನ್ 14. ಟ್ಯೂಬ್ ಹಾಕಿ ಕರುಳಿನ ಒಳಗೆ ನೋಡುವ ಸ್ಕೋಪ್ ಅವನಿಗೆ ಮಾಡಲಿಲ್ಲ. ಇದು ಐಬಿಎಸ್, ಕರುಳಿನ ಚಲನೆ ಮತ್ತು ಸಂವೇದನೆಯ ತೊಂದರೆ, ಗೋಡೆಗೆ ಗಾಯ ಇಲ್ಲ ಅಂತ ಹೇಳಿದೆ. ಐಬಿಎಸ್‌ನಲ್ಲಿ ಲೋಳೆ ಬರುವುದು ಹಳೆಯ ವಿಷಯವೇ. 1978ರಲ್ಲಿ ಮ್ಯಾನಿಂಗ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಮಾಡಿದ ಲಕ್ಷಣಗಳ ಪಟ್ಟಿಯಲ್ಲೇ ಲೋಳೆ ಇತ್ತು. ಅವನು ಕೇಳಿದ, "ಮತ್ತೆ ಆಮಕ್ಕೆ ಮಾತ್ರೆ?" ಆಮಕ್ಕೆ ಮಾತ್ರೆ ಇಲ್ಲ. ಮಲಬದ್ಧತೆ ಸರಿ ಮಾಡಿದೆವು, ನಾರಿನಂಶ ನಿಧಾನವಾಗಿ ಏರಿಸಿದೆವು, ಹಿಂಡುವ ನೋವಿಗೆ ಬೇಕಾದಾಗ ಒಂದು ಮಾತ್ರೆ. ಕಮೋಡ್ ಇಣುಕಿ ಫೋಟೋ ತೆಗೆಯುವುದನ್ನು ಒಂದು ತಿಂಗಳು ನಿಲ್ಲಿಸು ಅಂತಲೂ ಹೇಳಿದೆ. ಅದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತಂತೆ.

ಅವನ ವಯಸ್ಸು ನಲವತ್ತೈದು ದಾಟಿದ್ದರೆ ನಾನು ಇಷ್ಟು ನಿರಾಳವಾಗಿ ಇರುತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ನಲವತ್ತೈದರ ಮೇಲೆ ಮೊದಲ ಸಲ ಮಲದ ಅಭ್ಯಾಸ ಬದಲಾದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದಿದ್ದರೆ, ಬರೀ ಆಮ ಆದರೂ ಸ್ಕೋಪ್ ಮಾಡುತ್ತೇವೆ. ಗುದನಾಳದಲ್ಲಿ ಬೆಳೆಯುವ ಒಂದು ಜಾತಿಯ ದೊಡ್ಡ ಪಾಲಿಪ್ ಬರೀ ಲೋಳೆಯನ್ನೇ ಲೋಟಗಟ್ಟಲೆ ಸುರಿಸುತ್ತದೆ. ಅಪರೂಪ, ಆದರೆ ಇದೆ.

ಟೀಚರ್ ವಿಷಯಕ್ಕೆ ಬರೋಣ. ಹಿಮೋಗ್ಲೋಬಿನ್ 9.6. ಕ್ಯಾಲ್‌ಪ್ರೊಟೆಕ್ಟಿನ್ 380. ಮೊದಲು ಮಲದ ಪರೀಕ್ಷೆ ಮಾಡಿಸಿ, ಅಮೀಬಾ ಮತ್ತು ಬೇರೆ ಸೋಂಕು ಇಲ್ಲ ಅಂತ ನೋಡಿಕೊಂಡೆವು. ಈ ಹೆಜ್ಜೆ ಬಿಡಬಾರದು. ಅಮೀಬಾದ ಹುಣ್ಣನ್ನು ಕೊಲೈಟಿಸ್ ಅಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಆಮೇಲೆ ಸಿಗ್ಮಾಯ್ಡೋಸ್ಕೋಪಿ. ಅದಕ್ಕೆ ಜನ ತುಂಬಾ ಹೆದರುತ್ತಾರೆ. ಒಂದು ಎನಿಮಾ, ಎಡಮಗ್ಗುಲಿಗೆ ಮಲಗುವುದು, ಬೆರಳು ಗಾತ್ರದ ಟ್ಯೂಬ್, ಹತ್ತು ನಿಮಿಷ. ಬಹಳ ಸಲ ಮಂಪರು ಇಂಜೆಕ್ಷನ್ನೂ ಬೇಕಾಗುವುದಿಲ್ಲ.

ಆರೋಗ್ಯವಾದ ಗುದನಾಳದ ಒಳಗೆ ತಿಳಿಗುಲಾಬಿ ಬಣ್ಣದ ಹೊಳೆಯುವ ಗೋಡೆ, ಅದರಲ್ಲಿ ಅರಳಿ ಎಲೆಯ ನರಗಳ ಹಾಗೆ ಸಣ್ಣ ರಕ್ತನಾಳಗಳ ಬಲೆ ಕಾಣುತ್ತದೆ. ಇವರಲ್ಲಿ ಆ ಬಲೆ ಮಾಯವಾಗಿತ್ತು. ಗೋಡೆ ಕೆಂಪಗೆ, ಒದ್ದೆ ರವೆ ಸವರಿದ ಹಾಗೆ ತರಿತರಿ. ಟ್ಯೂಬ್ ತಾಗಿದ ಕಡೆಯೆಲ್ಲ ರಕ್ತ ಜಿನುಗುತ್ತಿತ್ತು. ಅಲ್ಲಲ್ಲಿ ಹಳದಿ ಮಿಶ್ರಿತ ಲೋಳೆ ಅಂಟಿಕೊಂಡಿತ್ತು, ಎಂಟು ತಿಂಗಳಿಂದ ಅವರು ನೋಡುತ್ತಿದ್ದ ಅದೇ ಆಮ. ಹದಿನಾಲ್ಕನೇ ಸೆಂಟಿಮೀಟರಿಗೆ ಗೆರೆ ಎಳೆದ ಹಾಗೆ ನಿಂತು, ಅಲ್ಲಿಂದ ಮುಂದೆ ಗೋಡೆ ಪೂರ್ತಿ ಸರಿಯಾಗಿತ್ತು. ಅವರಿಗೆ ಪರದೆಯಲ್ಲಿ ತೋರಿಸಿದೆ. "ಇಷ್ಟೇ ಜಾಗಾನಾ ಸರ್?" ಅಂದರು. ಅಕ್ಕಿಕಾಳಿಗಿಂತ ಸಣ್ಣ ಚೂರುಗಳನ್ನು ಬಯಾಪ್ಸಿಗೆ ಕಳಿಸಿದೆವು. ರಿಪೋರ್ಟಿನಲ್ಲಿ ಬಹುಕಾಲದ ಉರಿಯೂತದ ಗುರುತುಗಳ ಜೊತೆ ಒಂದು ಸಾಲು ಇತ್ತು: ಗಾಬ್ಲೆಟ್ ಕೋಶಗಳು ಕಡಿಮೆಯಾಗಿವೆ. ಲೋಳೆ ತಯಾರಿಸುವವರೇ ಕಮ್ಮಿಯಾಗಿದ್ದರು.

ಚಿಕಿತ್ಸೆ ಕೇಳಿ ಅವರು ನಿರಾಶರಾದರು. ಮಲಗುವಾಗ ಗುದದ್ವಾರದಲ್ಲಿ ಇಟ್ಟುಕೊಳ್ಳುವ ಮೆಸಲಮೈನ್ ಸಪೊಸಿಟರಿ, ಒಂದು ಗ್ರಾಂ, ರಾತ್ರಿಗೆ ಒಂದು. ಬಾಯಲ್ಲಿ ನುಂಗುವ ಮಾತ್ರೆ ಕೊಡಿ ಸರ್ ಅಂದರು. ಈ ಜಾಗದ ರೋಗಕ್ಕೆ ನುಂಗುವ ಮಾತ್ರೆಗಿಂತ ಅಲ್ಲೇ ಇಡುವ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ನುಂಗಿದ್ದು ಅಷ್ಟು ದೂರ ಬರುವ ಹೊತ್ತಿಗೆ ಕೆಳಗೆ ತಲುಪುವ ಪಾಲು ಕಡಿಮೆ. ಮೊದಲ ವಾರ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಮೂರನೇ ವಾರಕ್ಕೆ ರಕ್ತ ನಿಂತಿತು. ಆರನೇ ವಾರಕ್ಕೆ ಬೆಳಗಿನ ಜಾವದ ಎಚ್ಚರ ನಿಂತಿತು. ಆಮೇಲೆ ಮಾಮೂಲಿ ನಡೆಯುವ ಕಥೆಯೇ ನಡೆಯಿತು, ಗುಣವಾಯಿತಲ್ಲ ಅಂತ ಅವರೇ ನಿಲ್ಲಿಸಿದರು. ಎರಡು ತಿಂಗಳಿಗೆ ವಾಪಸ್ ಬಂದರು. ಈಗ ವಾರಕ್ಕೆ ಮೂರು ಸಲ ಬಳಸುತ್ತಾರೆ. ಕೆಲವರಲ್ಲಿ ಇದು ವರ್ಷಗಳು ಕಳೆದಂತೆ ಮೇಲಕ್ಕೆ ಹರಡುತ್ತದೆ, ಅದಕ್ಕೇ ಆಗಾಗ ನೋಡುತ್ತಿರಬೇಕು.

ಚೀಟಿಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರು ಜನ ಒಂದೇ ವಿಷಯ ಕೇಳಿದ್ದೀರಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಆಮದ ಮಾತ್ರೆ ಬಗ್ಗೆ. ಮೆಟ್ರೋನಿಡಜೋಲ್. ನಮ್ಮ ಕಡೆ ಆಮ ಅಂದರೆ ಅಮೀಬಾ, ಅಮೀಬಾ ಅಂದರೆ ಈ ಮಾತ್ರೆ ಅನ್ನುವ ಲೆಕ್ಕ ಮೂರು ತಲೆಮಾರಿನಿಂದ ನಡೆದುಬಂದಿದೆ. ಅಮೀಬಾ ರೋಗ ಇದೆ, ಇಲ್ಲ ಅನ್ನುತ್ತಿಲ್ಲ. ರಕ್ತ, ಆಮ, ಹೊಟ್ಟೆ ನುಲಿತ, ಕೆಲವರಿಗೆ ಜ್ವರ. ಆದರೆ ಮಲದ ರಿಪೋರ್ಟಿನಲ್ಲಿ "ಸಿಸ್ಟ್ ಕಂಡಿದೆ", ಅಂದರೆ ಚಿಪ್ಪು ಕಟ್ಟಿಕೊಂಡು ಮಲಗಿರುವ ಅಮೀಬಾ ಕಂಡಿದೆ, ಅಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ರೋಗ ತರುವ ಅಮೀಬಾಕ್ಕೂ ಏನೂ ತೊಂದರೆ ಕೊಡದ ಅದರ ತಮ್ಮನಿಗೂ ಸಿಸ್ಟ್ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತದೆ. ಕೆಂಪು ರಕ್ತಕಣ ನುಂಗಿಕೊಂಡು ಓಡಾಡುತ್ತಿರುವ ಜೀವಂತ ಅಮೀಬಾ ಕಂಡರೆ ಅದು ಸಾಕ್ಷಿ. ಅದು ಕಾಣಬೇಕಾದರೆ ತೆಳು ಮಲವನ್ನು ಅರ್ಧ ಗಂಟೆಯೊಳಗೆ ನೋಡಬೇಕು. ಬೆಳಗ್ಗೆ ಆರಕ್ಕೆ ಡಬ್ಬಿಯಲ್ಲಿ ಹಿಡಿದು ಹತ್ತಕ್ಕೆ ಬಸ್ಸಲ್ಲಿ ತಂದುಕೊಟ್ಟರೆ ಅದು ಸತ್ತು ಆಕಾರ ಕೆಟ್ಟಿರುತ್ತದೆ.

ಮತ್ತೆ ಆ ಮಾತ್ರೆ ತಗೊಂಡಾಗ ಗುಣ ಆಗುತ್ತಲ್ಲಾ ಅಂತ ಚೀಟಿಯ ಹಿಂದೆ ಬರೆದಿದ್ದೀರಿ. ಸೋಂಕಿನ ಭೇದಿ ಬಹುಪಾಲು ಒಂದು ವಾರದಲ್ಲಿ ತಾನೇ ಇಳಿಯುತ್ತದೆ, ಐಬಿಎಸ್ ಆಮವೂ ಬಂದು ಹೋಗಿ ಮಾಡುತ್ತದೆ. ಹೆಸರು ಮಾತ್ರೆಗೆ ಬರುತ್ತದೆ. ನಾನು ದಿನ ಎಣಿಸುವುದು ಇದಕ್ಕೇ. ನಾಲ್ಕು ದಿನದ ರಕ್ತ ಆಮ ಜ್ವರದ ಜೊತೆ ಬಂದರೆ ಸೋಂಕು ಅಂತ ಮೊದಲು ಯೋಚಿಸುತ್ತೇನೆ, ಅದಕ್ಕೂ ಡಾಕ್ಟರ ಹತ್ತಿರ ಹೋಗಲೇಬೇಕು. ನಾಲ್ಕು ವಾರ ದಾಟಿದ ರಕ್ತ ಆಮಕ್ಕೆ ಇನ್ನೊಂದು ಕೋರ್ಸ್ ಮಾತ್ರೆ ಉತ್ತರ ಅಲ್ಲ. ಈ ಟೀಚರ್ ನಮ್ಮ ಹತ್ತಿರ ಬರುವ ಮೊದಲು ನಾಲ್ಕು ಕೋರ್ಸ್ ಮುಗಿಸಿದ್ದರು. ನಾಲ್ಕೂ ಸಲ ಬಾಯಿ ಕಹಿಯಾಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಒಬ್ಬ ಅಜ್ಜಿ ಕೇಳಿದ್ದಾರೆ, ಏಳು ತಿಂಗಳ ಮೊಮ್ಮಗುವಿಗೆ ಆಮ ಕಾಣುತ್ತೆ, ಹಲ್ಲು ಬರುತ್ತಿದೆ ಅಂತ. ಮಗು ಜೊಲ್ಲು, ಸಿಂಬಳ ಎರಡನ್ನೂ ನುಂಗುತ್ತದೆ, ಅದು ಹಾಗೇ ಕೆಳಗೆ ಬರುತ್ತದೆ. ಆಟ ಆಡುತ್ತಾ, ಹಾಲು ಕುಡಿಯುತ್ತಾ, ತೂಕ ಏರುತ್ತಾ ಇದ್ದರೆ ಬಿಟ್ಟುಬಿಡಿ ಅಜ್ಜಿ. ಒಂದು ಮಾತ್ರ ನೆನಪಿಡಿ. ಮಗು ಇದ್ದಕ್ಕಿದ್ದಂತೆ ಕಾಲು ಮಡಚಿಕೊಂಡು ಚೀರಿ ಅಳುತ್ತದೆ, ಐದು ನಿಮಿಷಕ್ಕೆ ಸುಮ್ಮನಾಗುತ್ತದೆ, ಕಾಲು ಗಂಟೆಗೆ ಮತ್ತೆ ಅದೇ. ನಡುವೆ ಬಿಳಿಚಿಕೊಂಡು ಸೋತು ಮಲಗುತ್ತದೆ, ವಾಂತಿ ಮಾಡುತ್ತದೆ. ಇದು ಕರುಳು ಕರುಳಿನೊಳಗೆ ತೂರಿಕೊಂಡಿರುವ ಲಕ್ಷಣ. ಕೆಂಪು ಜೆಲ್ಲಿಯಂಥ ರಕ್ತ ಆಮ ಬೀಳುವುದು ತಡವಾಗಿ, ಅದು ಕಾಣಲಿ ಅಂತ ಕಾಯಬಾರದು. ಅದೇ ರಾತ್ರಿಯೇ ಆಸ್ಪತ್ರೆಗೆ ಓಡಿ. ದೃಷ್ಟಿ ಆಮೇಲೆ ತೆಗೆಯಬಹುದು.

ಕೊನೆಯ ಚೀಟಿ ಸ್ವಲ್ಪ ಬೇರೆ ಥರದ್ದು. ಕರುಳಿನ ಆಪರೇಷನ್ ಆಗಿ ಹೊಟ್ಟೆಗೆ ಚೀಲ ಹಾಕಿದ್ದಾರೆ, ಮಲ ಎಲ್ಲ ಚೀಲಕ್ಕೆ ಬರುತ್ತದೆ, ಆದರೂ ನಮ್ಮ ಯಜಮಾನರಿಗೆ ಕೆಳಗಿನಿಂದ ಆಮ ಬೀಳುತ್ತದೆ, ಆಪರೇಷನ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲಮ್ಮ. ಕೆಳಗೆ ಉಳಿದಿರುವ ಆ ತುಂಡು ಗುದನಾಳಕ್ಕೆ ಮಲ ಬರುವುದು ನಿಂತಿದೆ, ಅದರ ಗಾಬ್ಲೆಟ್ ಕೋಶಗಳು ಮಾತ್ರ ಎಂದಿನ ಹಾಗೆ ಲೋಳೆ ತಯಾರಿಸುತ್ತಲೇ ಇವೆ. ಅದು ಎಲ್ಲಿಗೆ ಹೋಗಬೇಕು? ದಿನ ಬಿಟ್ಟು ದಿನ ಮಾಮೂಲಿನಂತೆ ಕಕ್ಕಸಿಗೆ ಕೂರಿಸಿ, ತಿಣುಕಬೇಡಿ ಅನ್ನಿ, ತಾನೇ ಬೀಳುತ್ತದೆ. ಅದರಲ್ಲಿ ರಕ್ತ ಕಂಡರೆ ಅಥವಾ ಕೆಟ್ಟ ವಾಸನೆ ಬಂದರೆ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ, ಮಲ ಕಾಣದ ಆ ತುಂಡಿಗೂ ಒಮ್ಮೊಮ್ಮೆ ಉರಿಯೂತ ಬರುವುದುಂಟು.